ವಾರಗಳಲ್ಲೇ ಕಿಡ್ನಿ ಕಸಿದುಕೊಳ್ಳುವ ಉರಿಯೂತ: ರೋಗಿಯ ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯಲ್ಲಿ ಕಿಡ್ನಿ ರೋಗಿಗಳನ್ನು ನೋಡುವ ವೈದ್ಯ ನಾನು. ಜಗಳೂರು, ಹೊಳಲ್ಕೆರೆ, ಹೊಸದುರ್ಗ, ಚಳ್ಳಕೆರೆ ಕಡೆಯಿಂದ ಬರುವ ಮನೆಯವರು ವಾರ್ಡಿನ ಬಾಗಿಲಲ್ಲಿ ನಿಲ್ಲಿಸಿ ಕೇಳುವ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ. ಆ ಹೊತ್ತಿನಲ್ಲಿ ಕೊಡಲಾಗದ ಪೂರ್ತಿ ಉತ್ತರವನ್ನು ಇಲ್ಲಿ ಕೊಡಲು ಪ್ರಯತ್ನಿಸಿದ್ದೇನೆ.

ಚೀಟಿಯಲ್ಲಿ "ಆರ್‌ಪಿಜಿಎನ್" ಎಂದು ಬರೆದಿದ್ದಾರೆ. ಏನದು?

ಕಿಡ್ನಿಯ ಸೋಸುವ ಭಾಗದಲ್ಲಿ ಉರಿಯೂತ ಎದ್ದು, ದಿನಗಳಲ್ಲಿ ಇಲ್ಲವೇ ವಾರಗಳಲ್ಲಿ ಕಿಡ್ನಿಯ ಕೆಲಸ ಕುಸಿಯುವ ಸ್ಥಿತಿಗೆ ಹಾಗೆನ್ನುತ್ತಾರೆ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಂದ ಕಿಡ್ನಿ ಹಾಳಾಗಲು ವರ್ಷಗಳು ಬೇಕು. ಇಲ್ಲಿ ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆ ಬರುವುದರೊಳಗೆ ಎಲ್ಲವೂ ಮುಗಿದಿರಬಹುದು. ಇದು ಒಂದೇ ರೋಗದ ಹೆಸರಲ್ಲ, ಹಲವು ರೋಗಗಳು ಬಂದು ಸೇರುವ ಒಂದು ಸ್ಥಿತಿ. ಅದಕ್ಕೇ ಹೆಸರು ಬರೆದ ಕೂಡಲೇ ವೈದ್ಯರು "ಕಾರಣ ಯಾವುದು?" ಎಂದು ಹುಡುಕಲು ಓಡಾಡುತ್ತಾರೆ.

ಕಿಡ್ನಿಯ ಒಳಗೆ ನಿಜವಾಗಿ ಏನಾಗುತ್ತದೆ?

ಒಂದೊಂದು ಕಿಡ್ನಿಯಲ್ಲಿ ಸುಮಾರು 10 ಲಕ್ಷ ಸೋಸುಗಗಳಿವೆ. ಪ್ರತಿಯೊಂದೂ ಕೂದಲಿಗಿಂತ ಸಣ್ಣ ರಕ್ತನಾಳಗಳ ಒಂದು ಉಂಡೆ, ಅದರ ಸುತ್ತ ಒಂದು ಬಟ್ಟಲು. ನಾಳದ ಗೋಡೆಯಲ್ಲಿರುವ ತೆಳು ಪೊರೆಯೇ ಜರಡಿ. ರಕ್ತದಿಂದ ನೀರು ಮತ್ತು ಕಶ್ಮಲ ಈ ಪೊರೆಯನ್ನು ದಾಟಿ ಬಟ್ಟಲಿಗೆ ಇಳಿದು ಮೂತ್ರವಾಗುತ್ತವೆ.

ಈ ರೋಗದಲ್ಲಿ ಪೊರೆ ಹರಿಯುತ್ತದೆ. ಹರಿದ ಕಡೆಯಿಂದ ರಕ್ತಕಣಗಳ ಜೊತೆ ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನು ಬಟ್ಟಲಿಗೆ ಸುರಿಯುತ್ತದೆ. ಅದನ್ನು ಕಂಡು ಬಟ್ಟಲಿನ ಒಳಮೈಯ ಜೀವಕೋಶಗಳು ವಿಪರೀತ ಬೆಳೆದು, ಹೊರಗಿನಿಂದ ಬಂದ ಉರಿಯೂತದ ಕಣಗಳೊಡನೆ ಸೇರಿ ಒತ್ತೊತ್ತಾಗಿ ಗುಡ್ಡೆ ಬೀಳುತ್ತವೆ. ಸೂಕ್ಷ್ಮದರ್ಶಕದಲ್ಲಿ ಆ ಗುಡ್ಡೆ ಬಿದಿಗೆಯ ಚಂದ್ರನಂತೆ ಕಾಣುವುದರಿಂದ ಅದಕ್ಕೆ ಕ್ರೆಸೆಂಟ್ ಎಂಬ ಹೆಸರು ಬಂತು. ಅದು ರಕ್ತನಾಳದ ಉಂಡೆಯನ್ನು ಒಂದು ಬದಿಗೆ ಅದುಮಿ ಸೋಸುವಿಕೆಯನ್ನೇ ನಿಲ್ಲಿಸಿಬಿಡುತ್ತದೆ.

ಮೊದಮೊದಲು ಕ್ರೆಸೆಂಟ್ ಜೀವಕೋಶಗಳಿಂದಲೇ ಆಗಿರುತ್ತದೆ. ಆಗ ಔಷಧಿ ಬಿದ್ದರೆ ಕರಗಬಲ್ಲದು. ದಿನ ಕಳೆದಂತೆ ಅದರೊಳಗೆ ನಾರು ಸೇರಿ, ಕೊನೆಗೆ ಗಾಯದ ಕಲೆಯಂತೆ ಗಟ್ಟಿಯಾಗುತ್ತದೆ. ಆ ಕಲೆಯನ್ನು ಯಾವ ಔಷಧಿಯೂ ಕರಗಿಸುವುದಿಲ್ಲ. ನಾವು ಆತುರಪಡುವುದೆಲ್ಲ ಈ ಎರಡು ಹಂತಗಳ ನಡುವಿನ ಕೆಲವೇ ದಿನಗಳಿಗಾಗಿ.

ಇಷ್ಟು ದಿನ ಚೆನ್ನಾಗಿದ್ದ ಪೊರೆ ಯಾಕೆ ಹರಿಯಿತು?

ಮುಖ್ಯವಾಗಿ ಎರಡು ದಾರಿಗಳನ್ನು ಹೇಳುತ್ತೇನೆ. ದೇಹದ ರಕ್ಷಣಾ ಶಕ್ತಿ ತನ್ನ ಮೇಲೆಯೇ ತಿರುಗಿಬೀಳುವ ಲೂಪಸ್, ಸೋಂಕಿನ ನಂತರದ ಉರಿಯೂತ ಮುಂತಾದ ಮೂರನೆಯ ಗುಂಪೂ ಇದೆ, ಅದನ್ನು ಇಲ್ಲಿ ಬಿಡುತ್ತೇನೆ.

ಮೊದಲನೆಯದು ವ್ಯಾಸ್ಕುಲೈಟಿಸ್, ಅಂದರೆ ಸಣ್ಣ ರಕ್ತನಾಳಗಳ ಉರಿಯೂತ. ಸೋಂಕಿನ ಜೊತೆ ಹೋರಾಡಬೇಕಾದ ಬಿಳಿ ರಕ್ತಕಣಗಳ ವಿರುದ್ಧವೇ ದೇಹ ಆಂಕಾ ಎಂಬ ಪ್ರತಿಕಾಯವನ್ನು ತಯಾರಿಸುತ್ತದೆ. ಅದು ಅಂಟಿಕೊಂಡಾಗ ಬಿಳಿಕಣಗಳು ಕೆರಳಿ, ತಾವು ಹರಿಯುತ್ತಿರುವ ನಾಳದ ಗೋಡೆಯನ್ನೇ ಸುಡುತ್ತವೆ. ಕಿಡ್ನಿಯ ಜೊತೆ ಮೂಗು, ಕಿವಿ, ಶ್ವಾಸಕೋಶ, ಚರ್ಮ, ನರಗಳಿಗೂ ಇದರ ಬಿಸಿ ತಟ್ಟಬಹುದು. ವಯಸ್ಸಾದವರಲ್ಲಿ ಹೆಚ್ಚು.

ಎರಡನೆಯದು ಆಂಟಿ-ಜಿಬಿಎಂ ರೋಗ. ಇಲ್ಲಿ ಪ್ರತಿಕಾಯ ನೇರವಾಗಿ ಜರಡಿಯ ಪೊರೆಗೇ ಅಂಟುತ್ತದೆ. ಆ ಪೊರೆಯಲ್ಲಿರುವ ಒಂದು ಬಗೆಯ ಕೊಲಾಜೆನ್ ಶ್ವಾಸಕೋಶದ ಗಾಳಿಚೀಲಗಳ ಪೊರೆಯಲ್ಲೂ ಇರುವುದರಿಂದ ಕೆಲವರಿಗೆ ಕೆಮ್ಮಿನಲ್ಲಿ ರಕ್ತ ಬರುತ್ತದೆ. ಅದು ಬೀಡಿ, ಸಿಗರೇಟು ಸೇದುವವರಲ್ಲಿ ಹೆಚ್ಚು. ಅಮೆರಿಕದ ಅರ್ನೆಸ್ಟ್ ಗುಡ್‌ಪಾಸ್ಚರ್ ಎಂಬ ವೈದ್ಯ 1919ರಲ್ಲಿ ಇಂಥ ಒಬ್ಬ ಯುವಕನ ಬಗ್ಗೆ ಬರೆದಿದ್ದರಿಂದ ಹಳೆಯ ಪುಸ್ತಕಗಳಲ್ಲಿ ಇದಕ್ಕೆ ಅವರದೇ ಹೆಸರಿದೆ. ಬಲು ಅಪರೂಪ, ಆದರೆ ಎಲ್ಲಕ್ಕಿಂತ ವೇಗದ್ದು. ಕೆಲವರಲ್ಲಿ ಎರಡೂ ಪ್ರತಿಕಾಯಗಳು ಒಟ್ಟಿಗೇ ಸಿಗುತ್ತವೆ.

ಶುರುವಿನಲ್ಲೇ ಗೊತ್ತಾಗುವ ಲಕ್ಷಣ ಇಲ್ಲವೇ?

ಇದೆ, ಆದರೆ ಕಿಡ್ನಿಯ ಲಕ್ಷಣದಂತೆ ಕಾಣುವುದಿಲ್ಲ. ಹೊಳಲ್ಕೆರೆ ತಾಲ್ಲೂಕಿನ, ಅಡಿಕೆ ತೋಟವಿರುವ ಮನೆಯ 57 ವರ್ಷದ ತಾಯಿಯೊಬ್ಬರ ಕಥೆ ಹೇಳುತ್ತೇನೆ. ಎರಡು ತಿಂಗಳಿಂದ ಮೂಗು ಕಟ್ಟುವುದು, ಸೀನಿದರೆ ರಕ್ತದ ಚಕ್ಕೆ ಬರುವುದು, ಸಂಜೆ ಜ್ವರ, ಮಂಡಿ ಮತ್ತು ಮಣಿಕಟ್ಟಿನ ನೋವು. ಶೀತವೆಂದು ಮಾತ್ರೆ, ಕೀಲುನೋವೆಂದು ಸೂಜಿ ಆಗಿದ್ದವು. ನಂತರ ಮೂತ್ರ ಬೆಲ್ಲದ ಚಹಾದ ಬಣ್ಣಕ್ಕೆ ತಿರುಗಿ, ಬೆಳಗಿನ ಹೊತ್ತು ಕಣ್ಣಿನ ಕೆಳಗೆ ಊದಿಕೊಂಡಿತು.

ಅವರ ಮಗ 17ನೇ ತಾರೀಖು ಪ್ಲಾಸ್ಟಿಕ್ ಚೀಲದ ತುಂಬ ವರದಿಗಳನ್ನು ತಂದ. "ಅವ್ವನಿಗೆ ಮೂತ್ರದ ಸೋಂಕು ಅಂದಿದ್ದಾರೆ ಸರ್, ಎರಡು ಕೋರ್ಸ್ ಮಾತ್ರೆ ಮುಗಿಯಿತು" ಎಂದ. ವರದಿಗಳನ್ನು ತಾರೀಖಿನ ಪ್ರಕಾರ ಮೇಜಿನ ಮೇಲೆ ಸಾಲಾಗಿ ಜೋಡಿಸಿದೆ. ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಶ್ಮಲ ರಕ್ತದಲ್ಲಿ 3ನೇ ತಾರೀಖು 1.3. 11ಕ್ಕೆ 2.4. 16ಕ್ಕೆ 3.9. ಮೂತ್ರದಲ್ಲಿ ಪ್ರೋಟೀನು, ಕೆಂಪು ರಕ್ತಕಣ ಮೂರು ಸಲವೂ ಇದ್ದವು. ಕಲ್ಚರ್‌ನಲ್ಲಿ ಯಾವ ಕ್ರಿಮಿಯೂ ಬೆಳೆದಿರಲಿಲ್ಲ. ಚೀಲದ ತಳದಲ್ಲಿ ಹಿಂದಿನ ವರ್ಷ ಕಣ್ಣಿನ ಪೊರೆಯ ಆಪರೇಷನ್‌ಗೆ ಮುಂಚೆ ಮಾಡಿಸಿದ ಒಂದು ವರದಿಯಿತ್ತು. ಅದರಲ್ಲಿ ಕ್ರಿಯಾಟಿನಿನ್ 0.7.

ಆ ಹಳೆಯ ಕಾಗದವೇ ನಮಗೆ ಎಲ್ಲಕ್ಕಿಂತ ಹೆಚ್ಚು ಹೇಳಿತು.

1.3 ಎಂದರೆ ಸ್ವಲ್ಪವೇ ಜಾಸ್ತಿ ಅಲ್ಲವೇ? ಯಾಕೆ ಗಾಬರಿಯಾಗಬೇಕು?

ಎಲ್ಲರೂ ಎಡವುವುದು ಇಲ್ಲೇ. ಕ್ರಿಯಾಟಿನಿನ್ ನೇರವಾದ ಅಳತೆಕೋಲಲ್ಲ. ಸೋಸುವ ಶಕ್ತಿ ಅರ್ಧಕ್ಕೆ ಇಳಿದರೆ ಕ್ರಿಯಾಟಿನಿನ್ ಸುಮಾರು ಎರಡರಷ್ಟಾಗುತ್ತದೆ. ಅರ್ಧದ ಅರ್ಧವಾದರೆ ಇನ್ನೊಮ್ಮೆ ಎರಡರಷ್ಟು. ಅಂದರೆ 0.7 ಇದ್ದದ್ದು 1.3 ಆದಾಗ ಆ ತಾಯಿಯ ಕಿಡ್ನಿ ಹತ್ತಿರ ಹತ್ತಿರ ಅರ್ಧ ಶಕ್ತಿ ಕಳೆದುಕೊಂಡಿತ್ತು. ಕಾಗದದಲ್ಲಿ ಅದು ಸಣ್ಣ ಅಂಕಿ. ಮುಂದೆ 4 ಇದ್ದದ್ದು 5 ಆದಾಗ ಎಲ್ಲರೂ ಹೌಹಾರುತ್ತಾರೆ, ಆದರೆ ಆ ಹಂತದಲ್ಲಿ ಹೊಸದಾಗಿ ಕಳೆದುಕೊಂಡದ್ದು ಅತಿ ಸ್ವಲ್ಪ.

ಇನ್ನೊಂದು ಮಾತು. ಕಿಡ್ನಿ ಈ ದಿನ ಕುಸಿದರೆ ಕ್ರಿಯಾಟಿನಿನ್ ರಕ್ತದಲ್ಲಿ ಶೇಖರವಾಗಲು ದಿನಗಳು ಬೇಕು. ಹಾಗಾಗಿ ಏರುತ್ತಿರುವ ಅಂಕಿ ಯಾವಾಗಲೂ ನಿಜವಾದ ಹಾನಿಗಿಂತ ಹಿಂದೆ ಇರುತ್ತದೆ. ಒಂದೇ ವರದಿ ನೋಡಿ ಸಮಾಧಾನಪಡಬೇಡಿ. ಮೂತ್ರದಲ್ಲಿ ರಕ್ತವೂ ಪ್ರೋಟೀನೂ ಇದ್ದು ಕ್ರಿಯಾಟಿನಿನ್ ಸ್ವಲ್ಪವೇ ಹೆಚ್ಚಿದ್ದರೂ, ಎರಡು ಮೂರು ದಿನದೊಳಗೆ ಮತ್ತೊಮ್ಮೆ ಮಾಡಿಸಿ. ಏರುತ್ತಿದ್ದರೆ ಅದೇ ಉತ್ತರ.

ಮೂತ್ರದ ಸೋಂಕಿಗೂ ಇದಕ್ಕೂ ವ್ಯತ್ಯಾಸ ಹೇಗೆ ತಿಳಿಯುತ್ತದೆ?

ಸೋಂಕಿನಲ್ಲಿ ಸಾಮಾನ್ಯವಾಗಿ ಉರಿ, ಪದೇ ಪದೇ ಹೋಗಬೇಕೆನಿಸುವುದು, ಕೀವುಕಣ, ಕಲ್ಚರ್‌ನಲ್ಲಿ ಕ್ರಿಮಿ ಇರುತ್ತವೆ. ಎರಡೂ ಕಿಡ್ನಿ ಸರಿಯಿರುವವರಿಗೆ ಬರಿಯ ಮೂತ್ರಕೋಶದ ಸೋಂಕಿನಿಂದ ಕ್ರಿಯಾಟಿನಿನ್ ಹೀಗೆ ಏರುವುದಿಲ್ಲ. ಆ ತಾಯಿಯ ಮೂತ್ರವನ್ನು ಅಂದು ನಮ್ಮಲ್ಲೇ ಯಂತ್ರದಲ್ಲಿ ತಿರುಗಿಸಿ, ತಳದಲ್ಲಿ ಕೂತದ್ದನ್ನು ಗಾಜಿನ ಮೇಲೆ ಹಾಕಿ ನೋಡಿದೆವು. ಕೆಂಪುಕಣಗಳು ದುಂಡಗಿರಲಿಲ್ಲ. ಹರಿದ ಪೊರೆಯ ಸಂದಿಯಲ್ಲಿ ನುಸುಳಿ ಬಂದದ್ದರಿಂದ ಒಂದಕ್ಕೆ ಕಿವಿ ಮೂಡಿತ್ತು, ಇನ್ನೊಂದು ಸೊಟ್ಟಗಿತ್ತು. ನಡುವೆ ಕಂದುಗೆಂಪಿನ ಒಂದು ಉದ್ದ ಕೊಳವೆ, ಮೈತುಂಬ ರಕ್ತಕಣ. ಕಿಡ್ನಿಯ ಸಣ್ಣ ನಾಳದಲ್ಲಿ ರಕ್ತಕಣಗಳು ಎರಕ ಹೊಯ್ದಂತೆ ಕೂತು ಹೊರಬಂದ ಅಚ್ಚು ಅದು. ಇಂಥ ಅಚ್ಚು ಕಂಡಿತೆಂದರೆ ರಕ್ತ ಬರುತ್ತಿರುವುದು ಸೋಸುಗದಿಂದಲೇ. ಯಂತ್ರ ಮುದ್ರಿಸಿ ಕೊಡುವ ವರದಿಯಲ್ಲಿ ಇದು ಬಹಳ ಸಲ ಕಾಣುವುದಿಲ್ಲ, ಮನುಷ್ಯರ ಕಣ್ಣೇ ಬೇಕು. ಹತ್ತು ನಿಮಿಷದ ಕೆಲಸ.

ನಮ್ಮ ಕಡೆ ಹಾವು ಕಡಿತ, ವಾಂತಿಭೇದಿ, ನೋವಿನ ಮಾತ್ರೆ, ಕಲ್ಲು ಅಡ್ಡವಾಗುವುದು, ಇವುಗಳಿಂದಲೂ ಕಿಡ್ನಿ ಹಠಾತ್ತನೆ ನಿಲ್ಲುವುದು ಉಂಟು. ಸ್ಕ್ಯಾನ್ ಮತ್ತು ಮೂತ್ರದ ಪರೀಕ್ಷೆ ಅವುಗಳನ್ನು ಬೇರ್ಪಡಿಸುತ್ತವೆ.

ರಕ್ತ ಪರೀಕ್ಷೆಯಲ್ಲೇ ಆಂಕಾ ಗೊತ್ತಾಗುವುದಾದರೆ ಬಯಾಪ್ಸಿ ಯಾಕೆ?

ಸೂಜಿಯಿಂದ ಕಿಡ್ನಿಯ ಸಣ್ಣ ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದೇ ಬಯಾಪ್ಸಿ. ಅದು ಬೇಕೆನ್ನಲು ಮೂರು ಕಾರಣಗಳಿವೆ. ಆಂಕಾ, ಆಂಟಿ-ಜಿಬಿಎಂ ಪರೀಕ್ಷೆಗಳು ಎಲ್ಲ ಲ್ಯಾಬ್‌ಗಳಲ್ಲಿ ಆಗುವುದಿಲ್ಲ, ಮಾದರಿ ಬೆಂಗಳೂರಿಗೆ ಹೋಗಿ ಬರಲು ದಿನ ಹಿಡಿಯುತ್ತದೆ. ವ್ಯಾಸ್ಕುಲೈಟಿಸ್ ಇದ್ದೂ ಆಂಕಾ ನೆಗೆಟಿವ್ ಬರುವವರಿದ್ದಾರೆ, ಬೇರೆ ಸೋಂಕಿನಲ್ಲಿ ಸುಮ್ಮನೆ ಪಾಸಿಟಿವ್ ಬರುವವರೂ ಇದ್ದಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಎಷ್ಟು ಸೋಸುಗಗಳು ಇನ್ನೂ ಉಳಿಯಬಲ್ಲವು ಎಂಬುದನ್ನು ರಕ್ತ ಹೇಳಲಾರದು. ಜೋರಾದ ಔಷಧಿ ಕೊಡುವ ಮುಂಚೆ ಅದು ಗೊತ್ತಿರಬೇಕು.

ಬಯಾಪ್ಸಿಯ ತುಣುಕಿಗೆ ಹೊಳೆಯುವ ಬಣ್ಣ ಹಚ್ಚಿ ಕತ್ತಲೆ ಕೋಣೆಯ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆಯೊಂದಿದೆ, ಇಮ್ಯುನೋಫ್ಲೋರೆಸೆನ್ಸ್. ಆಂಟಿ-ಜಿಬಿಎಂ ಆಗಿದ್ದರೆ ಪೊರೆಯ ಉದ್ದಕ್ಕೂ ಹಸಿರು ಪೆನ್ನಿನಲ್ಲಿ ಗೆರೆ ಎಳೆದಂತೆ ಒಂದೇ ಸಮನೆ ಹೊಳೆಯುತ್ತದೆ. ಆಂಕಾ ರೋಗದಲ್ಲಿ ಸೋಸುಗ ನುಚ್ಚುನೂರಾಗಿದ್ದರೂ ಹೊಳಪು ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ. ಲೂಪಸ್‌ನಂಥದ್ದರಲ್ಲಿ ರವೆ ಚೆಲ್ಲಿದಂತೆ ಚುಕ್ಕೆಚುಕ್ಕೆ. ಈ ಉತ್ತರ ಅದೇ ದಿನ ಅಥವಾ ಮರುದಿನ ಸಿಗಬಹುದು.

ಇಲ್ಲೊಂದು ಎಚ್ಚರಿಕೆ. ಈ ಪರೀಕ್ಷೆಯ ತುಣುಕನ್ನು, ಮಾಂಸದ ತುಣುಕು ಕೆಡದಂತೆ ಸಾಮಾನ್ಯವಾಗಿ ಬಳಸುವ ಫಾರ್ಮಲಿನ್ ದ್ರಾವಣಕ್ಕೆ ಹಾಕಬಾರದು. ಅದಕ್ಕೆ ಬೇರೆ ದ್ರಾವಣದ ಪುಟ್ಟ ಸೀಸೆ ಇರುತ್ತದೆ. ಹಿಂದೆ ಬೇರೊಂದು ಕಡೆ ಬಯಾಪ್ಸಿ ಆಗಿ ಬಂದ ಒಬ್ಬರ ಎರಡೂ ತುಣುಕುಗಳು ಫಾರ್ಮಲಿನ್ ಸೀಸೆಯಲ್ಲೇ ಇದ್ದವು. ಕ್ರೆಸೆಂಟ್ ಕಂಡಿತು, ಕಾರಣ ತಿಳಿಯಲಿಲ್ಲ, ರಕ್ತದ ವರದಿಗಾಗಿ ಕಾಯುತ್ತ ದಿನಗಳು ಹೋದವು. ಎರಡು ಸೀಸೆ ಹೋಯಿತೇ ಎಂದು ಮನೆಯವರು ಕೇಳಿದರೆ ತಪ್ಪೇನೂ ಇಲ್ಲ.

ಸೂಜಿ ಚುಚ್ಚಿದರೆ ಕಿಡ್ನಿ ಹಾಳಾಗುತ್ತದೆ ಎಂದು ಊರಲ್ಲಿ ಹೇಳುತ್ತಾರೆ. ನಿಜವೇ?

ಸೂಜಿಗೆ ಸಿಗುವುದು 20 ಲಕ್ಷ ಸೋಸುಗಗಳಲ್ಲಿ ಹತ್ತಿಪ್ಪತ್ತು. ರೋಗಿಯನ್ನು ಬೋರಲು ಮಲಗಿಸಿ, ಬೆನ್ನಿನ ಕೆಳಭಾಗ ಮರಗಟ್ಟಿಸಿ, ಸ್ಕ್ಯಾನ್ ಯಂತ್ರದಲ್ಲಿ ಕಿಡ್ನಿ ನೋಡುತ್ತಲೇ ಸೂಜಿ ಹಾಕುತ್ತೇವೆ. ಟಕ್ ಎಂಬ ಸದ್ದು ಬರುತ್ತದೆ, ಉಸಿರು ಕೆಲವು ಕ್ಷಣ ಹಿಡಿಯಬೇಕು. ಶ್ಯಾವಿಗೆ ಎಳೆಯಂಥ ಒಂದು ತುಣುಕು ಸಿಗುತ್ತದೆ. ಸಾಮಾನ್ಯವಾಗಿ ಎರಡು ತೆಗೆಯುತ್ತೇವೆ.

ನಿಜವಾದ ಅಪಾಯ ರಕ್ತಸ್ರಾವ. ಕೆಲವರಿಗೆ ಒಂದೆರಡು ದಿನ ಮೂತ್ರ ಕೆಂಪಗೆ ಬರುತ್ತದೆ, ತಾನಾಗಿ ನಿಲ್ಲುತ್ತದೆ. ಅಪರೂಪಕ್ಕೆ ರಕ್ತ ಹಾಕಬೇಕಾಗುತ್ತದೆ, ಇನ್ನೂ ಅಪರೂಪಕ್ಕೆ ಸೋರುವ ನಾಳವನ್ನು ಮುಚ್ಚುವ ಚಿಕಿತ್ಸೆ ಬೇಕಾಗುತ್ತದೆ. ಅದಕ್ಕೇ ಮೊದಲು ರಕ್ತದೊತ್ತಡ ಇಳಿಸಿ, ಪ್ಲೇಟ್‌ಲೆಟ್ ಮತ್ತು ರಕ್ತ ಹೆಪ್ಪುಗಟ್ಟುವಿಕೆ ನೋಡಿ, ನಂತರ ಕೆಲವು ಗಂಟೆ ಅಲುಗಾಡದೆ ಮಲಗಿಸಿ, ಒಂದು ರಾತ್ರಿ ಆಸ್ಪತ್ರೆಯಲ್ಲೇ ಇರಿಸಿಕೊಳ್ಳುತ್ತೇವೆ. ಹೃದಯಕ್ಕೆಂದು ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮುಚ್ಚಿಡದೆ ಹೇಳಿ.

"ಊರಿಗೆ ಹೋಗಿ ಹಿರಿಯರನ್ನು ಕೇಳಿ, ಸೋಮವಾರ ಬರುತ್ತೇವೆ" ಎಂದು ಶುಕ್ರವಾರ ಹೊರಡುವವರಿದ್ದಾರೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಬೇಡಿಕೊಳ್ಳುತ್ತೇನೆ: ಹಿರಿಯರನ್ನು ಫೋನಿನಲ್ಲಿ ಕೇಳಿ, ನಾನೇ ಮಾತಾಡುತ್ತೇನೆ. ಬಯಾಪ್ಸಿ ಸೋಮವಾರಕ್ಕೆ ಹೋಗಬಾರದು.

ವರದಿ ಬರುವ ಮುಂಚೆಯೇ ಸ್ಟೆರಾಯ್ಡ್ ಕೊಟ್ಟರಲ್ಲ, ಅದು ಸರಿಯೇ?

ಸಂಶಯ ಬಲವಾಗಿದ್ದು, ದೊಡ್ಡ ಸೋಂಕು ಕಾಣದಿದ್ದರೆ ಸರಿ. ಒಂದೆರಡು ದಿನದ ಸ್ಟೆರಾಯ್ಡ್‌ನಿಂದ ಬಯಾಪ್ಸಿಯ ಚಿತ್ರ ಅಳಿಸಿಹೋಗುವುದಿಲ್ಲ. ಕಾದರೆ ಮಾತ್ರ ಸೋಸುಗಗಳು ಹೋಗುತ್ತವೆ. ಆ ತಾಯಿಗೆ ಬಂದ ಸಂಜೆಯೇ ಆಂಕಾ, ಆಂಟಿ-ಜಿಬಿಎಂ ಪರೀಕ್ಷೆಗೆ ರಕ್ತ ತೆಗೆದು, 500 ಮಿಲಿಗ್ರಾಂ ಮೀಥೈಲ್‌ಪ್ರೆಡ್ನಿಸಲೋನ್ ಹನಿಹನಿಯಾಗಿ ರಕ್ತನಾಳಕ್ಕೆ ಕೊಟ್ಟೆವು. ಹೀಗೆ ಮೂರು ದಿನ. 18ರ ಬೆಳಿಗ್ಗೆ ಬಯಾಪ್ಸಿ. 19ರ ರಾತ್ರಿ ಫೋನಿನಲ್ಲಿ ಉತ್ತರ ಬಂತು: ಸಿಕ್ಕ 18 ಸೋಸುಗಗಳಲ್ಲಿ 11ರಲ್ಲಿ ಕ್ರೆಸೆಂಟ್, ಆ 11ರಲ್ಲಿ 9 ಇನ್ನೂ ಹಸಿ, 2ರಲ್ಲಿ ನಾರು ಶುರುವಾಗಿದೆ, ಹೊಳಪು ಇಲ್ಲ. ಮರುದಿನ ಆಂಕಾ ಪಾಸಿಟಿವ್, ಆಂಟಿ-ಜಿಬಿಎಂ ನೆಗೆಟಿವ್ ಎಂದು ರಕ್ತದ ವರದಿಯೂ ಸೇರಿತು. ಒಂಬತ್ತು ಹಸಿಯಾಗಿದ್ದವು ಎಂಬ ಮಾತು ಕೇಳಿದಾಗ ಆದ ಸಮಾಧಾನ ಇವತ್ತಿಗೂ ನೆನಪಿದೆ.

ಆಮೇಲೆ ಚಿಕಿತ್ಸೆ ಏನು?

ಸ್ಟೆರಾಯ್ಡ್ ಉರಿಯನ್ನು ತಕ್ಷಣ ತಗ್ಗಿಸುತ್ತದೆ, ಪ್ರತಿಕಾಯ ತಯಾರಾಗುವುದನ್ನು ನಿಲ್ಲಿಸಲು ಇನ್ನೊಂದು ಔಷಧಿ ಬೇಕು: ಸೈಕ್ಲೋಫಾಸ್ಫಮೈಡ್ ಅಥವಾ ರಿಟುಕ್ಸಿಮ್ಯಾಬ್. ಆ ತಾಯಿಗೆ 20ನೇ ತಾರೀಖು ಸೈಕ್ಲೋಫಾಸ್ಫಮೈಡ್ ಮೊದಲ ಸೂಜಿ ಹಾಕಿದೆವು, ತೂಕ 52 ಕಿಲೋ, ಕಿಡ್ನಿ ಸೋತಿದ್ದರಿಂದ ಪ್ರಮಾಣ ತಗ್ಗಿಸಿ 650 ಮಿಲಿಗ್ರಾಂ. ಮೊದಲ ಮೂರು ಸೂಜಿ ಎರಡು ವಾರಕ್ಕೊಮ್ಮೆ, ನಂತರದವು ಮೂರು ವಾರಕ್ಕೊಮ್ಮೆ. ಸ್ಟೆರಾಯ್ಡ್ ಮಾತ್ರೆಯನ್ನು ವಾರವಾರವೂ ಇಳಿಸುತ್ತೇವೆ. ಬೇಗ ಇಳಿಸಿದರೂ ಫಲಿತಾಂಶ ಕೆಡುವುದಿಲ್ಲ, ಗಂಭೀರ ಸೋಂಕು ಕಡಿಮೆಯಾಗುತ್ತದೆ ಎಂದು 700ಕ್ಕೂ ಹೆಚ್ಚು ರೋಗಿಗಳಿದ್ದ, 2020ರಲ್ಲಿ ಪ್ರಕಟವಾದ ಪೆಕ್ಸಿವಾಸ್ ಅಧ್ಯಯನ ತೋರಿಸಿತು.

ಈ ಔಷಧಿಗಳು ಸೋಂಕು ತಡೆಯುವ ಶಕ್ತಿಯನ್ನೂ ಕುಗ್ಗಿಸುತ್ತವೆ. ಮೊದಲ ಮೂರು ತಿಂಗಳು ನಾನು ರೋಗಕ್ಕಿಂತ ಸೋಂಕಿಗೆ ಹೆಚ್ಚು ಹೆದರುತ್ತೇನೆ. ಜ್ವರ ಬಂದರೆ ಅದೇ ದಿನ ಬನ್ನಿ. ಸೈಕ್ಲೋಫಾಸ್ಫಮೈಡ್ ಮಕ್ಕಳಾಗುವ ಶಕ್ತಿಯನ್ನು ಕುಂದಿಸಬಲ್ಲದು, ಚಿಕ್ಕ ವಯಸ್ಸಿನವರು ಮೊದಲೇ ಈ ಬಗ್ಗೆ ಕೇಳಬೇಕು.

ಪ್ಲಾಸ್ಮಾ ಬದಲಿಸುವುದು ಎಂದರೆ ಡಯಾಲಿಸಿಸ್ ತಾನೇ?

ಅಲ್ಲ. ಯಂತ್ರ ಒಂದೇ ತರಹ ಕಾಣುತ್ತದೆ, ಕೆಲಸ ಬೇರೆ. ಡಯಾಲಿಸಿಸ್ ಕಶ್ಮಲ ಮತ್ತು ನೀರು ತೆಗೆಯುತ್ತದೆ. ಪ್ಲಾಸ್ಮಾ ಬದಲಿಸುವಾಗ ರಕ್ತದ ಹಳದಿ ದ್ರವವನ್ನೇ, ಒಂದು ಸಲಕ್ಕೆ ಸುಮಾರು ಮೂರು ನಾಲ್ಕು ಲೀಟರ್, ಪ್ರತಿಕಾಯದ ಸಮೇತ ಹೊರಹಾಕಿ, ಅದರ ಬದಲು ಆಲ್ಬುಮಿನ್ ಎಂಬ ಪ್ರೋಟೀನಿನ ದ್ರಾವಣ ತುಂಬುತ್ತೇವೆ. ರಕ್ತ ಹೆಪ್ಪುಗಟ್ಟಿಸುವ ಅಂಶಗಳೂ ಜೊತೆಗೆ ಹೋಗುವುದರಿಂದ, ಬಯಾಪ್ಸಿ ಈಗಷ್ಟೇ ಆಗಿದ್ದರೆ ಅಥವಾ ಶ್ವಾಸಕೋಶದಲ್ಲಿ ರಕ್ತ ಸೋರುತ್ತಿದ್ದರೆ ದಾನಿಗಳ ಪ್ಲಾಸ್ಮಾವನ್ನೂ ಸೇರಿಸುತ್ತೇವೆ.

ಆಂಟಿ-ಜಿಬಿಎಂ ರೋಗದಲ್ಲಿ ಇದು ಕಡ್ಡಾಯವೆನ್ನುವಷ್ಟು ಮುಖ್ಯ: ಪ್ರತಿದಿನ, ಸುಮಾರು ಎರಡು ವಾರ, ಅಥವಾ ಪ್ರತಿಕಾಯ ಮಾಯವಾಗುವವರೆಗೆ. ಆಂಕಾ ರೋಗದಲ್ಲಿ ಎಲ್ಲರಿಗೂ ಬೇಡ. ಪೆಕ್ಸಿವಾಸ್‌ನಲ್ಲಿ ಅದರಿಂದ ಸಾವು ಅಥವಾ ಕಿಡ್ನಿ ಪೂರ್ತಿ ಸೋಲುವುದು ಒಟ್ಟಾರೆ ಕಡಿಮೆಯಾಗಲಿಲ್ಲ. ಹೊಳಲ್ಕೆರೆಯ ತಾಯಿಗೆ ನಾವು ಅದನ್ನು ಮಾಡಲಿಲ್ಲ.

ಒಂದೆರಡು ವಾರ ತಡವಾದರೆ ನಿಜಕ್ಕೂ ಅಷ್ಟು ವ್ಯತ್ಯಾಸವಾಗುತ್ತದೆಯೇ?

ಲಂಡನ್ನಿನ ವೈದ್ಯರು 71 ಆಂಟಿ-ಜಿಬಿಎಂ ರೋಗಿಗಳ ವಿವರವನ್ನು 2001ರಲ್ಲಿ ಪ್ರಕಟಿಸಿದರು. ಎಲ್ಲರಿಗೂ ಪ್ಲಾಸ್ಮಾ ಬದಲಾವಣೆ ಸಮೇತ ಪೂರ್ಣ ಚಿಕಿತ್ಸೆ ಸಿಕ್ಕಿತ್ತು. ಬಂದಾಗ ಕ್ರಿಯಾಟಿನಿನ್ 5.7ಕ್ಕಿಂತ ಕಡಿಮೆ ಇದ್ದವರಲ್ಲಿ ಒಂದು ವರ್ಷದ ನಂತರ ಶೇ. 95 ಮಂದಿಯ ಕಿಡ್ನಿ ಕೆಲಸ ಮಾಡುತ್ತಿತ್ತು. ಬಂದ ಕೂಡಲೇ ಡಯಾಲಿಸಿಸ್ ಬೇಕಾದವರಲ್ಲಿ ಅದು ಶೇ. 8. ಅದೇ ರೋಗ, ಅದೇ ಔಷಧಿ.

ಚಿತ್ರದುರ್ಗ ಕಡೆಯ 26 ವರ್ಷದ ಲಾರಿ ಕ್ಲೀನರ್ ಹುಡುಗನೊಬ್ಬ ಐದು ವಾರ ಕಾಮಾಲೆಯ ಔಷಧಿ, ಉಷ್ಣದ ಔಷಧಿ ಕುಡಿದು, ಮೂತ್ರ ನಿಂತ ಮೇಲೆ ಬಂದ. ಬಯಾಪ್ಸಿಯಲ್ಲಿ ಎಲ್ಲ ಸೋಸುಗಗಳಲ್ಲೂ ಕ್ರೆಸೆಂಟ್, ಪೊರೆಯ ಉದ್ದಕ್ಕೂ ಹಸಿರು ಗೆರೆ. ಶ್ವಾಸಕೋಶದಲ್ಲಿ ರಕ್ತಸ್ರಾವ ಇರಲಿಲ್ಲ. ಅಂಥ ಸ್ಥಿತಿಯಲ್ಲಿ ಜೋರು ಔಷಧಿ ಕೊಟ್ಟರೆ ಕಿಡ್ನಿ ಮರಳುವ ಆಸೆ ತೀರಾ ಕಡಿಮೆ, ಸೋಂಕಿನಿಂದ ಜೀವಕ್ಕೆ ಅಪಾಯ ಹೆಚ್ಚು. ಅವನ ತಂದೆಗೆ ಇದನ್ನು ಹೇಳಿ ಡಯಾಲಿಸಿಸ್ ಶುರು ಮಾಡಿದೆವು. ರಕ್ತದಲ್ಲಿ ಪ್ರತಿಕಾಯ ಇಲ್ಲವಾಗಿ ಕನಿಷ್ಠ ಆರು ತಿಂಗಳು ಕಳೆದ ಮೇಲೆ ಕಿಡ್ನಿ ಕಸಿ ಮಾಡಿಸಬಹುದು.

ಡಯಾಲಿಸಿಸ್ ಶುರುವಾದರೆ ಎಲ್ಲವೂ ಮುಗಿಯಿತೇ?

ಆಂಕಾ ರೋಗದಲ್ಲಿ ಹಾಗಲ್ಲ. ಡಯಾಲಿಸಿಸ್ ಹಿಡಿದೇ ಬಂದವರಲ್ಲೂ ಸಾಕಷ್ಟು ಮಂದಿ ಚಿಕಿತ್ಸೆಯ ನಂತರ ಅದರಿಂದ ಹೊರಬಂದಿದ್ದಾರೆ. ಬಯಾಪ್ಸಿಯಲ್ಲಿ ಕೆಡದೆ ಉಳಿದ ಸೋಸುಗಗಳು ಎಷ್ಟು ಎಂಬುದೇ ಇಲ್ಲಿ ದಾರಿ ತೋರಿಸುತ್ತದೆ.

ಹೊಳಲ್ಕೆರೆಯ ತಾಯಿಯ ಕ್ರಿಯಾಟಿನಿನ್ 5.1ರವರೆಗೆ ಏರಿ ನಿಂತಿತು. ಡಯಾಲಿಸಿಸ್ ಬೇಕಾಗಲಿಲ್ಲ. ಮೂರು ತಿಂಗಳಿಗೆ 1.7ಕ್ಕೆ ಇಳಿಯಿತು. 0.7ಕ್ಕೆ ಮರಳಲಿಲ್ಲ, ಮರಳುವುದೂ ಇಲ್ಲ.

ಗುಣವಾದ ಮೇಲೆ ಮಾತ್ರೆ ಬಿಡಬಹುದೇ?

ಆಂಟಿ-ಜಿಬಿಎಂ ಒಮ್ಮೆ ಅಡಗಿದರೆ ಮತ್ತೆ ಬರುವುದು ಅಪರೂಪ. ಆಂಕಾ ರೋಗ ಮರುಕಳಿಸುವ ಸ್ವಭಾವದ್ದು, ಹಾಗಾಗಿ ಒಂದೆರಡು ವರ್ಷ, ಕೆಲವೊಮ್ಮೆ ಹೆಚ್ಚು ಕಾಲ, ರೋಗ ಮರಳದಂತೆ ಕಾಯುವ ಔಷಧಿ ಬೇಕು. ಸ್ಟೆರಾಯ್ಡ್ ಅನ್ನು ನೀವಾಗಿ ಒಮ್ಮೆಲೇ ನಿಲ್ಲಿಸಬೇಡಿ. ಮೂಗಿನಲ್ಲಿ ಮತ್ತೆ ರಕ್ತ, ಕೀಲುನೋವು, ಮೂತ್ರದ ಬಣ್ಣ ಬದಲಾದರೆ ಮುಂದಿನ ತಾರೀಖಿಗೆ ಕಾಯಬೇಡಿ.

ಬೆಂಗಳೂರಿಗೇ ಹೋಗಬೇಕೇ? ಏನೇನು ತೆಗೆದುಕೊಂಡು ಹೋಗಬೇಕು?

ಕಿಡ್ನಿ ತಜ್ಞರಿದ್ದು, ಬಯಾಪ್ಸಿ ಮಾಡುವ ವ್ಯವಸ್ಥೆ ಹತ್ತಿರದಲ್ಲೇ ಇದ್ದರೆ ಅಲ್ಲಿಗೇ ಮೊದಲು ಹೋಗಿ. ಪ್ಲಾಸ್ಮಾ ಬದಲಿಸಬೇಕಾಗಿ ಆ ಸೌಲಭ್ಯ ಅಲ್ಲಿಲ್ಲದಿದ್ದರೆ ಮಾತ್ರ ಮುಂದಿನ ಪ್ರಯಾಣ. ಹೊರಡುವ ಮುಂಚೆ ಮೊದಲ ಸ್ಟೆರಾಯ್ಡ್ ಹಾಕಿಸಿಕೊಂಡು, ಆಂಕಾ ಮತ್ತು ಆಂಟಿ-ಜಿಬಿಎಂ ಪರೀಕ್ಷೆಯ ರಕ್ತ ಕೊಟ್ಟಿದ್ದರೆ ದಾರಿಯ ಗಂಟೆಗಳು ವ್ಯರ್ಥವಾಗುವುದಿಲ್ಲ. ಪ್ಲಾಸ್ಮಾ ಬದಲಿಸಿದ ಮೇಲೆ ತೆಗೆದ ರಕ್ತದಲ್ಲಿ ಪ್ರತಿಕಾಯ ಸಿಗದೇ ಹೋಗಬಹುದು.

ಆಧಾರ್, ರೇಷನ್ ಕಾರ್ಡ್ ಜೊತೆಯಲ್ಲಿರಲಿ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಏನು ಸಿಗುತ್ತದೆ, ಶಿಫಾರಸು ಪತ್ರ ಬೇಕೇ ಎಂದು ಆಸ್ಪತ್ರೆಯ ಸಹಾಯ ಕೇಂದ್ರದಲ್ಲಿ ದಾಖಲಾದ ದಿನವೇ ಕೇಳಿ. ಹಳೆಯ ವರದಿಗಳನ್ನೆಲ್ಲ ತನ್ನಿ. ಹೆರಿಗೆಯದ್ದಾಗಲಿ, ಕಣ್ಣಿನ ಆಪರೇಷನ್ನಿನದ್ದಾಗಲಿ, ಕ್ರಿಯಾಟಿನಿನ್ ಬರೆದಿರುವ ಯಾವ ಕಾಗದವೂ ಹಳತಲ್ಲ.

ರಾತ್ರಿಯೇ ಹೊರಡಬೇಕಾದ ಸ್ಥಿತಿ ಯಾವುದು?

ಕೆಮ್ಮಿನಲ್ಲಿ ರಕ್ತ ಬಂದರೆ, ಮಲಗಿದರೆ ಉಸಿರು ಕಟ್ಟುತ್ತಿದ್ದರೆ, ಇಡೀ ದಿನ ಒಂದು ಲೋಟದಷ್ಟೂ ಮೂತ್ರ ಆಗದಿದ್ದರೆ, ಅಥವಾ ವರದಿಯಲ್ಲಿ ಪೊಟ್ಯಾಷಿಯಂ 6 ದಾಟಿದ್ದರೆ ಬೆಳಗಿನ ಬಸ್ಸಿಗೆ ಕಾಯಬೇಡಿ, 108ಕ್ಕೆ ಕರೆ ಮಾಡಿ.